ಗುಟ್ಟೂ ಉಳಿಯಬೇಕು, ಪಕ್ಷಪಾತವೂ ಆಗಬಾರದು: ಶಿಕ್ಷಕರ ಈ ಇಕ್ಕಟ್ಟಿಗೆ ಪರಿಹಾರವೇನು?

"ಮಿಸ್, ಒಂದು ವಿಷಯ ಹೇಳಬೇಕು. ಆದರೆ ಯಾರಿಗೂ ಹೇಳಲ್ಲ ಅಂತ ಮಾತು ಕೊಡಿ."

ಶಾಲೆಯಲ್ಲಿ ಪಾಠ ಮಾಡುವ ಪ್ರತಿಯೊಬ್ಬರೂ ಒಂದಲ್ಲ ಒಂದು ದಿನ ಈ ಮಾತು ಕೇಳಿಸಿಕೊಳ್ಳುತ್ತಾರೆ. ಬಿ.ಎಡ್. ಓದುವವರಿಗೆ ವೃತ್ತಿನೀತಿ ವಿಷಯದ ಅಸೈನ್‌ಮೆಂಟ್‌ನಲ್ಲಿ ಗೌಪ್ಯತೆ ಮತ್ತು ಪಕ್ಷಪಾತವನ್ನು ಸಾಮಾನ್ಯವಾಗಿ ಎರಡು ಬೇರೆ ಪ್ರಶ್ನೆಗಳಾಗಿ ಕೇಳುತ್ತಾರೆ. ಆದರೆ ತರಗತಿಯಲ್ಲಿ ಇವೆರಡೂ ಒಟ್ಟಿಗೇ ಎದುರಾಗುತ್ತವೆ. ಒಂದನ್ನು ಉಳಿಸಿಕೊಳ್ಳಲು ಹೋದರೆ ಇನ್ನೊಂದು ಕೆಟ್ಟಂತೆ ಕಾಣುತ್ತದೆ. ಅದು ಹೇಗೆ ಎಂಬುದನ್ನು ಒಂದು ಕಾಲ್ಪನಿಕ ಉದಾಹರಣೆಯ ಮೂಲಕ ನೋಡೋಣ.

ಏನಿದು ಇಕ್ಕಟ್ಟು?

ಒಂದು ಸಿಬಿಎಸ್‌ಇ ಶಾಲೆಯ ಹತ್ತನೇ ತರಗತಿ ಎಂದುಕೊಳ್ಳಿ. ಒಬ್ಬ ಹುಡುಗ ಎರಡು ತಿಂಗಳಿಂದ ಹೋಂವರ್ಕ್ ತಂದಿಲ್ಲ, ಒಂದು ಟೆಸ್ಟ್‌ಗೂ ಬಂದಿಲ್ಲ. ಕರೆದು ಕೇಳಿದಾಗ ಅಪ್ಪನ ಕೆಲಸ ಹೋಗಿದೆ, ಅಮ್ಮ ಆಸ್ಪತ್ರೆಯಲ್ಲಿದ್ದಾರೆ, ತಂಗಿಯನ್ನು ತಾನೇ ನೋಡಿಕೊಳ್ಳುತ್ತಿದ್ದೇನೆ ಎನ್ನುತ್ತಾನೆ. ಇದು ಕ್ಲಾಸಿನವರಿಗೆ ಗೊತ್ತಾಗಬಾರದು ಎಂದೂ ಕೇಳಿಕೊಳ್ಳುತ್ತಾನೆ.

ಶಿಕ್ಷಕಿ ಅವನಿಗೆ ನೋಟ್ಸ್ ಮತ್ತು ಪ್ರಾಜೆಕ್ಟ್ ಒಪ್ಪಿಸಲು ಮೂರು ವಾರ ಹೆಚ್ಚು ಸಮಯ ಕೊಡುತ್ತಾರೆ. ಇದನ್ನು ಗಮನಿಸಿದ ಸಹಪಾಠಿಯೊಬ್ಬಳು ಮನೆಯಲ್ಲಿ ಹೇಳುತ್ತಾಳೆ. ಮರುದಿನ ಅವಳ ತಾಯಿ ಶಾಲೆಗೆ ಬಂದು, "ನನ್ನ ಮಗಳು ಒಂದು ದಿನ ತಡ ಮಾಡಿದ್ದಕ್ಕೆ ಅಂಕ ಕಡಿಮೆ ಮಾಡಿದಿರಿ, ಅವನಿಗೆ ಮಾತ್ರ ಯಾಕೆ ವಿನಾಯಿತಿ?" ಎಂದು ಕೇಳುತ್ತಾರೆ.

ಕಾರಣ ಹೇಳಿದರೆ ಹುಡುಗನ ಗುಟ್ಟು ಬಯಲಾಗುತ್ತದೆ. ಹೇಳದಿದ್ದರೆ ಪಕ್ಷಪಾತದ ಆರೋಪ ಹಾಗೇ ಉಳಿಯುತ್ತದೆ.

ಸಮಯ ಕೊಡುವುದು ಬೇರೆ, ಅಂಕ ಕೊಡುವುದು ಬೇರೆ

ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ ಶಾಲಾ ಶಿಕ್ಷಕರ ವೃತ್ತಿನೀತಿ ಸಂಹಿತೆ ಎರಡು ಮಾತನ್ನೂ ಹೇಳುತ್ತದೆ. ಶಿಕ್ಷಕರು ಎಲ್ಲ ಮಕ್ಕಳನ್ನೂ ನಿಷ್ಪಕ್ಷಪಾತವಾಗಿ ಕಾಣಬೇಕು. ಮಕ್ಕಳ ಗೌಪ್ಯ ಮಾಹಿತಿಯನ್ನು ಅದನ್ನು ತಿಳಿಯುವ ಹಕ್ಕುಳ್ಳವರಿಗೆ ಬಿಟ್ಟು ಬೇರೆಯವರಿಗೆ ತಿಳಿಸಬಾರದು. ಆದರೆ ಎಲ್ಲರನ್ನೂ ಸಮಾನವಾಗಿ ಕಾಣುವುದೆಂದರೆ ಎಲ್ಲರಿಗೂ ಒಂದೇ ಗಡುವು ಹಾಕುವುದಲ್ಲ. ಒಂದೇ ರೀತಿಯ ಕಷ್ಟದಲ್ಲಿರುವವರಿಗೆಲ್ಲ ಒಂದೇ ಅವಕಾಶ ಸಿಗಬೇಕು ಎಂಬುದು ಅದರ ಅರ್ಥ.

ಸಿಬಿಎಸ್‌ಇ ಹತ್ತನೇ ತರಗತಿಯಲ್ಲಿ ಪ್ರಮುಖ ವಿಷಯಗಳ 100 ಅಂಕಗಳಲ್ಲಿ 20 ಆಂತರಿಕ ಮೌಲ್ಯಮಾಪನಕ್ಕೆ ಮೀಸಲು. ಶಿಕ್ಷಕರ ವಿವೇಚನೆ ಹೆಚ್ಚು ಕೆಲಸ ಮಾಡುವುದು ಇಲ್ಲೇ. ಇದರಲ್ಲಿ ಪೀರಿಯಾಡಿಕ್ ಟೆಸ್ಟ್‌ಗಳಿಗೆ 5 ಅಂಕ. ಮೂರು ಟೆಸ್ಟ್ ನಡೆಸಿ ಉತ್ತಮವಾದ ಎರಡರ ಸರಾಸರಿ ತೆಗೆದುಕೊಳ್ಳುವ ಪದ್ಧತಿ ಇರುವುದರಿಂದ, ಹುಡುಗ ಒಂದು ಟೆಸ್ಟ್ ತಪ್ಪಿಸಿಕೊಂಡಿದ್ದಕ್ಕೆ ಯಾರೂ ಕರುಣೆ ತೋರಿಸಬೇಕಿಲ್ಲ. ನಿಯಮದಲ್ಲೇ ಅವನಿಗೆ ಅವಕಾಶವಿದೆ.

ಸಮಸ್ಯೆ ಇರುವುದು ಪೋರ್ಟ್‌ಫೋಲಿಯೊದ 5 ಅಂಕಗಳಲ್ಲಿ. ವರ್ಷವಿಡೀ ಮಾಡಿದ ಕೆಲಸದ ಸಂಗ್ರಹವನ್ನು ನೋಡಿ ಕೊಡುವ ಅಂಕ ಇದು. ಮೂರು ವಾರ ಬಿಟ್ಟು ತಂದ ಪೋರ್ಟ್‌ಫೋಲಿಯೊವನ್ನು ಉಳಿದವರದಕ್ಕೆ ಬಳಸಿದ ಮಾನದಂಡದಿಂದಲೇ ಅಳೆದು 3 ಅಂಕ ಕೊಟ್ಟರೆ ಅದು ನ್ಯಾಯ. ಏನೂ ತರದಿದ್ದರೂ "ಪಾಪ, ಮನೆಯಲ್ಲಿ ಕಷ್ಟ" ಎಂದು 4 ಹಾಕಿದರೆ ಅದು ಪಕ್ಷಪಾತ. ಮೊದಲನೆಯದರಲ್ಲಿ ಅವನಿಗೆ ಸಿಕ್ಕಿದ್ದು ಕೆಲಸ ಮಾಡುವ ಅವಕಾಶ. ಎರಡನೆಯದರಲ್ಲಿ ಸಿಕ್ಕಿದ್ದು ಮಾಡದ ಕೆಲಸಕ್ಕೆ ಅಂಕ. ಉದ್ದೇಶ ಒಳ್ಳೆಯದಿದ್ದರೂ ಆ ಅಂಕಪಟ್ಟಿ ನಿಜ ಹೇಳುವುದಿಲ್ಲ.

ನಿಯಮ ಬಹಿರಂಗ, ಕಾರಣ ಗೌಪ್ಯ

ಹಾಗಾದರೆ ಪ್ರಶ್ನೆ ಕೇಳಿದ ತಾಯಿಗೆ ಏನು ಉತ್ತರ? "ಇನ್ನೊಂದು ಮಗುವಿನ ವಿಚಾರ ನಿಮ್ಮ ಹತ್ತಿರ ಮಾತಾಡುವಂತಿಲ್ಲ, ನಿಮ್ಮ ಮಗಳ ವಿಚಾರವನ್ನೂ ಬೇರೆಯವರ ಹತ್ತಿರ ಮಾತಾಡುವುದಿಲ್ಲ. ತೊಂದರೆ ಇದ್ದರೆ ಹೆಚ್ಚು ಸಮಯ ಕೇಳುವ ಅವಕಾಶ ಎಲ್ಲರಿಗೂ ಇದೆ, ಅವಳೂ ಕೇಳಬಹುದು" ಎನ್ನಬಹುದು.

ಆದರೆ ಅಂಥ ನಿಯಮ ಮೊದಲೇ ಇದ್ದಿದ್ದರೆ ಮಾತ್ರ ಈ ಉತ್ತರಕ್ಕೆ ಬೆಲೆ. ವರ್ಷದ ಆರಂಭದಲ್ಲೇ, ಯಾವ ಸಂದರ್ಭದಲ್ಲಿ ಗಡುವು ವಿಸ್ತರಿಸಲಾಗುತ್ತದೆ, ಯಾರನ್ನು ಕೇಳಬೇಕು, ಗರಿಷ್ಠ ಎಷ್ಟು ದಿನ ಎಂದು ಇಡೀ ತರಗತಿಗೆ ಹೇಳಿರಬೇಕು. ಆರೋಪ ಬಂದ ಮೇಲೆ ನಿಯಮ ಮಾಡಿದರೆ ಅದು ನೆಪದಂತೆ ಕಾಣುತ್ತದೆ. ನಮ್ಮ ಉದಾಹರಣೆಯ ಶಿಕ್ಷಕಿ ಹೀಗೆ ಹೇಳಿರದಿದ್ದರೆ ಆ ತಾಯಿಯ ದೂರಿನಲ್ಲಿ ಅರ್ಧ ನ್ಯಾಯವಿದೆ. ಅವರ ಮಗಳಿಗೆ ಸಮಯ ಕೇಳಬಹುದು ಎಂಬುದೇ ಗೊತ್ತಿರಲಿಲ್ಲ.

ಗೊತ್ತಿಲ್ಲದೆ ನುಸುಳುವ ಪಕ್ಷಪಾತವನ್ನು ಪತ್ತೆಹಚ್ಚಲೂ ದಾರಿಯಿದೆ. ಕೊಟ್ಟ ಪ್ರತಿ ವಿಸ್ತರಣೆಯನ್ನೂ ಕಾರಣ ಬರೆಯದೆ ಹೆಸರು, ದಿನಾಂಕದೊಂದಿಗೆ ದಾಖಲಿಸಿ ವರ್ಷದ ಕೊನೆಗೆ ಪಟ್ಟಿ ನೋಡಿದರೆ ಸಾಕು. ಧೈರ್ಯವಾಗಿ ಬಂದು ಕೇಳುವ ಮಕ್ಕಳ ಹೆಸರೇ ಅಲ್ಲಿ ತುಂಬಿದ್ದರೆ, ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತ ಮಕ್ಕಳ ಕಷ್ಟ ಶಿಕ್ಷಕರನ್ನು ತಲುಪಿಲ್ಲ ಎಂದರ್ಥ.

ಗುಟ್ಟು ಸೋರುವುದು ಹೆಚ್ಚಾಗಿ ಸ್ಟಾಫ್ ರೂಮಿನಲ್ಲಿ. "ಪಾಪ, ಆ ಹುಡುಗನ ಮನೆ ಪರಿಸ್ಥಿತಿ ಗೊತ್ತಾ?" ಎಂಬ ಕಾಳಜಿಯ ಮಾತು ಶಿಕ್ಷಕರ ವಾಟ್ಸ್ಆ್ಯಪ್ ಗ್ರೂಪ್‌ಗೆ ಹೋದರೆ, ಅಲ್ಲಿಂದ ಮಕ್ಕಳ ಕಿವಿಗೆ ಬೀಳಲು ಹೆಚ್ಚು ಹೊತ್ತು ಬೇಕಿಲ್ಲ. ಉಳಿದ ವಿಷಯಗಳ ಶಿಕ್ಷಕರಿಗೆ "ಅವನಿಗೆ ಈ ತಿಂಗಳು ಸಮಯ ಬೇಕಾಗಬಹುದು" ಎಂದಷ್ಟೇ ಹೇಳಿದರೂ ಕೆಲಸ ನಡೆಯುತ್ತದೆ.

ಈ ಗುಟ್ಟನ್ನು ಮಾತ್ರ ಕಾಯುವಂತಿಲ್ಲ

ಹುಡುಗ ಹೇಳಿದ್ದು ಮನೆಯ ಬಡತನದ ಕಥೆಯಲ್ಲ, ತನ್ನ ಮೇಲೆ ನಡೆಯುತ್ತಿರುವ ಲೈಂಗಿಕ ದೌರ್ಜನ್ಯ ಎಂದಿಟ್ಟುಕೊಳ್ಳಿ. ಆಗ ಶಿಕ್ಷಕರಿಗೆ ಆಯ್ಕೆಯೇ ಇಲ್ಲ. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಇಂಥ ಅಪರಾಧ ನಡೆದಿರುವುದು ತಿಳಿದವರು ಸ್ಥಳೀಯ ಪೊಲೀಸರಿಗೆ ಅಥವಾ ವಿಶೇಷ ಬಾಲಾಪರಾಧಿ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಸೆಕ್ಷನ್ ಅಡಿ 6 ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ತನ್ನ ಕೈಕೆಳಗಿನ ಸಿಬ್ಬಂದಿ ಎಸಗಿದ ಅಪರಾಧವನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಶಿಕ್ಷೆ 1 ವರ್ಷದವರೆಗೆ. ಸದುದ್ದೇಶದಿಂದ ಮಾಹಿತಿ ಕೊಟ್ಟವರಿಗೆ ಕಾನೂನಿನ ರಕ್ಷಣೆಯೂ ಇದೆ.

ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಶಾಲಾ ಹಾಸ್ಟೆಲ್ ಪ್ರಕರಣವೊಂದರಲ್ಲಿ, ವಿಷಯ ಗೊತ್ತಿದ್ದೂ ತಿಳಿಸಲಿಲ್ಲ ಎಂಬ ಆರೋಪ ಹೊತ್ತ ವೈದ್ಯರ ವಿರುದ್ಧದ ಎಫ್‌ಐಆರ್ ಅನ್ನು ಬಾಂಬೆ ಹೈಕೋರ್ಟ್ ರದ್ದು ಮಾಡಿತ್ತು. 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿ, ಗೊತ್ತಿದ್ದೂ ತಿಳಿಸದಿರುವುದು ಗಂಭೀರ ಅಪರಾಧ ಎಂದಿತು.

ಆದ್ದರಿಂದ ಮಗು ಮಾತು ಕೇಳಿದಾಗ, ವಿಷಯ ಕೇಳುವ ಮೊದಲೇ "ಯಾರಿಗೂ ಹೇಳಲ್ಲ" ಎನ್ನಬಾರದು. "ಹೇಳು, ಕೇಳ್ತೀನಿ. ಸುಮ್ಮನೆ ಯಾರಿಗೂ ಹೇಳಲ್ಲ. ಆದರೆ ನಿನಗೆ ಅಪಾಯ ಇದೆ ಅನ್ನಿಸಿದರೆ ಸಹಾಯ ಮಾಡುವವರಿಗೆ ಹೇಳಲೇಬೇಕಾಗುತ್ತದೆ, ಹೇಳುವ ಮುಂಚೆ ನಿನಗೆ ತಿಳಿಸ್ತೀನಿ" ಎನ್ನುವುದು ಸರಿ. ಮಗು ಹೇಳಿದ್ದನ್ನು ಅದರದೇ ಮಾತಿನಲ್ಲಿ ದಿನಾಂಕ, ಸಮಯದೊಂದಿಗೆ ಬರೆದಿಡಬೇಕು. ವಿಚಾರಣೆ ಮಾಡಲು ಹೋಗಬಾರದು, ಅದು ಪೊಲೀಸರ ಕೆಲಸ. ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಬಹುದು.

ಇಷ್ಟು ಹೇಳಿದರೆ ಕೆಲವು ಮಕ್ಕಳು ಮಾತು ನಿಲ್ಲಿಸಿ ಎದ್ದು ಹೋಗಬಹುದು. ಆ ನಷ್ಟ ನಿಜ, ಅಂಥ ಮಗುವಿನ ಮೇಲೆ ಕಣ್ಣಿಟ್ಟು ಮತ್ತೆ ಮಾತಾಡಿಸಬೇಕಾಗುತ್ತದೆ. ಆದರೆ ಕೊಟ್ಟ ಮಾತನ್ನು ಮರುದಿನವೇ ಮುರಿದರೆ, ಆ ಮಗು ಇನ್ನೊಬ್ಬ ದೊಡ್ಡವರ ಹತ್ತಿರ ಬಾಯಿ ಬಿಡುವುದು ಇನ್ನೂ ಕಷ್ಟ.