ಹುಳಿಗೆ ಅಂಜದು, ಅವಸರ ತಾಳದು: ಬಳಪದ ಕಲ್ಲಿನ ಪಾತ್ರೆ

ಬಾಗಲಕೋಟೆ ಜಿಲ್ಲೆಯಲ್ಲಿ ಕಲ್ಲಿಗೆ ಬರವಿಲ್ಲ. ಬಾದಾಮಿ, ಐಹೊಳೆ, ಪಟ್ಟದಕಲ್ಲಿನ ಗುಡಿಗಳು ಮರಳುಗಲ್ಲಿನವು, ಇಳಕಲ್ಲಿನ ಕೆಂಪು ಗ್ರಾನೈಟ್ ದೇಶವಿದೇಶಕ್ಕೆ ಹೋಗುತ್ತದೆ, ಮುಧೋಳ ತಾಲ್ಲೂಕಿನ ಲೋಕಾಪುರದ ಸುತ್ತ ಸುಣ್ಣದ ಕಲ್ಲಿನ ಹಾಸುಗಳಿವೆ. ಆದರೂ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಅಡುಗೆಮನೆಗಳಲ್ಲಿ ಕಲ್ಲು ದುಡಿದದ್ದು ಬೀಸಲು ಮತ್ತು ರುಬ್ಬಲು. ಒಲೆಯ ಮೇಲೆ ಏರಿದ್ದು ಮಣ್ಣಿನ ಗಡಿಗೆ, ಕಬ್ಬಿಣದ ಹಂಚು, ಹಿತ್ತಾಳೆ ಪಾತ್ರೆ.

ಇದಕ್ಕೆ ಕಾರಣ ಕಲ್ಲಿನ ಗುಣದಲ್ಲೇ ಇದೆ. ಸುಣ್ಣದ ಕಲ್ಲಿಗೆ ಹುಣಸೆಹುಳಿ ತಗುಲಿದರೆ ಅದು ನೊರೆಯಾಗಿ ಕರಗುತ್ತದೆ. ಸಾರಿನ ಹುಳಿಯೂ ಹೋಗುತ್ತದೆ, ಪಾತ್ರೆಯೂ ಸವೆಯುತ್ತದೆ. ಮರಳುಗಲ್ಲು ನೀರು ಕುಡಿಯುತ್ತದೆ. ಗ್ರಾನೈಟ್‌ನಲ್ಲಿ ಎರಡು ಮೂರು ಬಗೆಯ ಹರಳುಗಳಿದ್ದು, ಬಿಸಿಗೆ ಒಂದೊಂದೂ ಒಂದೊಂದು ಪ್ರಮಾಣದಲ್ಲಿ ಹಿಗ್ಗುತ್ತದೆ. ಆ ಎಳೆದಾಟಕ್ಕೆ ಹರಳುಗಳ ನಡುವೆ ಕೂದಲೆಳೆಯಷ್ಟು ಬಿರುಕು ಹುಟ್ಟಿ, ದಿನ ಕಳೆದಂತೆ ಬೆಳೆಯುತ್ತದೆ.

ಈ ಮೂರೂ ದೋಷ ಕಡಿಮೆ ಇರುವುದು ಬಳಪದ ಕಲ್ಲಿನಲ್ಲಿ. ಹೊಯ್ಸಳರ ಶಿಲ್ಪಿಗಳು ಬೇಲೂರು, ಹಳೇಬೀಡುಗಳಲ್ಲಿ ಕೊರೆದದ್ದು ಇದೇ ಮೆದು ಜಾತಿಯ ಕಲ್ಲನ್ನು. ಇದರ ಮುಖ್ಯ ಖನಿಜ ಟಾಲ್ಕ್. ಅದು ಉಗುರಿಗೂ ಗೀರಾಗುವಷ್ಟು ಮೆದು, ಹುಳಿಗೆ ಜಗ್ಗದು, ಕಾವನ್ನು ಬಹಳ ಹೊತ್ತು ಹಿಡಿದಿಡುತ್ತದೆ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಹುಳಿ, ಗೊಜ್ಜು, ಉಪ್ಪಿನಕಾಯಿಗೆ ಬಳಸುವ ಕಲ್ಲು ಮರಿಗೆ ಇದರದ್ದೇ. ತಮಿಳುನಾಡಿನ ಸೇಲಂ ಕಡೆಯಿಂದ ಬರುವ ಕಲ್ಚಟ್ಟಿ, ತೆಲುಗರ ರಾಚಿಪ್ಪ ಕೂಡ ಇದೇ ಕುಲದವು. ಆನ್‌ಲೈನ್ ಅಂಗಡಿಗಳಿಂದಾಗಿ ಇವು ಈಗ ಎಲ್ಲ ಊರಿಗೂ ಬರುತ್ತವೆ. ಬಂದ ಪಾತ್ರೆ ಮೊದಲ ವಾರದಲ್ಲೇ ಒಡೆಯುವುದೂ ಇದೆ.

ಕೊಳ್ಳುವಾಗಲೇ ಎರಡು ಪರೀಕ್ಷೆ ಮಾಡಬಹುದು. ಪಾತ್ರೆಯನ್ನು ಅಂಗೈ ಮೇಲಿಟ್ಟು ಬೆರಳ ಗೆಣ್ಣಿನಿಂದ ತಟ್ಟಿದರೆ ಗಟ್ಟಿ ಪಾತ್ರೆ ಖಣ್ಣನೆ ನುಡಿಯುತ್ತದೆ, ಸೀಳಿದ್ದರೆ ದನಿ ಮಂಕಾಗಿ ಅಲ್ಲೇ ಅಡಗುತ್ತದೆ. ತಳದ ಹೊರಬದಿಗೆ ಒಂದು ಹನಿ ನಿಂಬೆರಸ ಬಿಟ್ಟು ನೋಡುವುದು ಇನ್ನೊಂದು. ಜೋರಾಗಿ ನೊರೆ ಬಂದರೆ ಅದು ಸುಣ್ಣದ ಕಲ್ಲೋ ಅಮೃತಶಿಲೆಯೋ ಇರಬೇಕು, ಅಡುಗೆಗೆ ಸಲ್ಲದು. ನಾರುನಾರಾದ ಬಿಳಿ ಎಳೆ ಕಾಣುವ ಪಾತ್ರೆಯನ್ನೂ ಬಿಡಬೇಕು. ಕೆಲವು ಟಾಲ್ಕ್ ನಿಕ್ಷೇಪಗಳಲ್ಲಿ ಕಲ್ನಾರು ಸೇರಿರುತ್ತದೆ, ಅದರ ದೂಳು ಶ್ವಾಸಕೋಶಕ್ಕೆ ಅಪಾಯ. ಹೊಸ ಪಾತ್ರೆಯನ್ನು ಮನೆಯಲ್ಲಿ ಉಜ್ಜುಕಾಗದದಿಂದ ಒಣಗಿದ್ದಾಗ ತಿಕ್ಕಬಾರದು ಎನ್ನುವುದು ಇದಕ್ಕಾಗಿ.

ಒಡಕಿನ ಮೂಲ ನೀರು ಮತ್ತು ಅವಸರ. ಕಲ್ಲಿನ ಕಣಗಳ ನಡುವಿನ ಸಣ್ಣ ಸಂದುಗಳಲ್ಲಿ ನೀರು ಕೂತಿರುತ್ತದೆ. ಒಮ್ಮೆಲೇ ಕಾಯಿಸಿದರೆ ಅದು ಉಗಿಯಾಗಿ ಹಿಗ್ಗಿ ಹೊರಬರಲು ದಾರಿ ಹುಡುಕುತ್ತದೆ. ಜೊತೆಗೆ ಗ್ಯಾಸ್ ಒಲೆಯ ಉರಿ ತಳದ ನಡುವಿಗಷ್ಟೇ ಬಡಿದು ಆ ಭಾಗ ಹಿಗ್ಗುತ್ತದೆ, ಅಂಚು ತಣ್ಣಗೇ ಇರುತ್ತದೆ. ಬಿಸಿ ಪಾತ್ರೆಗೆ ತಣ್ಣೀರು ಸುರಿದಾಗ ಇದೇ ಎಳೆತ ತಿರುಗುಮುರುಗಾಗುತ್ತದೆ. ಪಳಗಿಸುವುದೆಂದರೆ ಸಂದಿನ ನೀರನ್ನು ನಿಧಾನವಾಗಿ ಹೊರಹಾಕಿ, ಆ ಜಾಗವನ್ನು ಎಣ್ಣೆ ಮತ್ತು ಗಂಜಿಯಿಂದ ತುಂಬುವುದು.

ಮೊದಲು ಸೋಪು ಹಾಕದೆ, ತೆಂಗಿನ ನಾರಿನಿಂದ ಕಲ್ಲಿನ ಪುಡಿ ಹೋಗುವಂತೆ ತೊಳೆದು ಎರಡು ದಿನ ಗಾಳಿಗೆ ಒಣಗಿಸಬೇಕು. ಬಳಿಕ ಔಡಲೆಣ್ಣೆಗೆ ಅರಿಶಿನ ಕಲೆಸಿ ಒಳಗೆ, ಹೊರಗೆ, ತಳಕ್ಕೆಲ್ಲ ತೆಳ್ಳಗೆ ಸವರಿ ಒಂದು ದಿನ ಬಿಡಬೇಕು. ಕೊಬ್ಬರಿ ಎಣ್ಣೆಯೂ ನಡೆಯುತ್ತದೆ. ಬಾಗಲಕೋಟೆ ಭಾಗದ ಮನೆಗಳಲ್ಲಿ ಸಿಗುವ ಕುಸುಬೆ ಎಣ್ಣೆ ಗಾಳಿಗೆ ಅಂಟಾಗುವ ಜಾತಿಯದು. ಅದನ್ನು ಬಳಸಿದರೆ ಹೆಚ್ಚಿನ ಎಣ್ಣೆಯನ್ನು ಬಟ್ಟೆಯಿಂದ ಒರೆಸಿ ತೆಗೆಯಲೇಬೇಕು.

ಮರುದಿನ ಒರೆಸಿ, ಅನ್ನ ಬಸಿದ ಗಂಜಿಯನ್ನು ಉಗುರುಬೆಚ್ಚಗೆ ಮಾಡಿ ಕಂಠದವರೆಗೆ ತುಂಬಬೇಕು. ಕುದಿಯುವ ಗಂಜಿ ಸುರಿದರೆ ಪಳಗಿಸುವ ಹೊತ್ತಿನಲ್ಲೇ ಪಾತ್ರೆ ಸೀಳಬಹುದು. ದಿನಕ್ಕೊಮ್ಮೆ ಹಳೆಯ ಗಂಜಿ ಚೆಲ್ಲಿ ತೊಳೆದು ಹೊಸದು ಹಾಕುತ್ತ ಐದಾರು ದಿನ ನಡೆಸಬೇಕು. ಮುಂಜಾನೆ ಗಂಜಿ ಚೆಲ್ಲುವ ಮುನ್ನ ಹೊರಮೈ ನೋಡಿದರೆ ಪಾತ್ರೆಯ ಸ್ಥಿತಿ ತಿಳಿಯುತ್ತದೆ. ಎಲ್ಲೆಡೆ ಒಂದೇ ಬಣ್ಣವಿದ್ದರೆ ಸರಿ; ತೆಳ್ಳಗೆ ಒದ್ದೆ ಗೆರೆ ಮೂಡಿದ್ದರೆ ಅದು ಬಿರುಕು. ಯಾವ ಗಂಜಿಯೂ ಅದನ್ನು ಬೆಸೆಯದು, ಅಂಥ ಪಾತ್ರೆಯನ್ನು ಒಲೆಗೆ ಇಡಬಾರದು.

ಕೊನೆಗೆ ಬೆಂಕಿಯ ಪರಿಚಯ. ಮುಕ್ಕಾಲು ಭಾಗ ಗಂಜಿ ತುಂಬಿಸಿ, ಸಣ್ಣ ಬರ್ನರಿನ ಅತಿ ಸಣ್ಣ ಉರಿಯಲ್ಲಿ ಮೊದಲ ದಿನ ಕೈ ತಾಳುವಷ್ಟು ಬಿಸಿ ಮಾಡಿ ಆರಿಸಬೇಕು. ಎರಡನೆಯ ದಿನ ಹಬೆ ಏಳುವವರೆಗೆ, ಮೂರನೆಯ ದಿನ ಕುದಿಯುವವರೆಗೆ. ಪ್ರತಿ ಬಾರಿಯೂ ಒಲೆಯ ಮೇಲೆಯೇ ತಣಿಯಲು ಬಿಡಬೇಕು. ಬರ್ನರಿನ ಮೇಲೆ ಚಪ್ಪಟೆ ಕಬ್ಬಿಣದ ತಗಡು ಇಟ್ಟರೆ ಉರಿ ತಳಕ್ಕೆಲ್ಲ ಹರಡುತ್ತದೆ. ಇಂಡಕ್ಷನ್ ಒಲೆಯಲ್ಲಿ ಈ ಪಾತ್ರೆ ಕಾಯುವುದಿಲ್ಲ.

ಪಳಗಿದ ಪಾತ್ರೆಗೆ ಈ ಸೀಮೆಯಲ್ಲಿ ಪುಂಡಿಪಲ್ಯೆಗಿಂತ ಒಪ್ಪುವ ಅಡುಗೆ ಇಲ್ಲ. ಹುಳಿ ಸೊಪ್ಪು ಅಲ್ಯೂಮಿನಿಯಂ ಪಾತ್ರೆಯನ್ನು ತಿನ್ನುತ್ತದೆ, ಬಳಪದ ಕಲ್ಲನ್ನು ಮುಟ್ಟದು. ಸೊಪ್ಪನ್ನೂ ತೊಗರಿಬೇಳೆಯನ್ನೂ ಬೇರೆ ಬೇಯಿಸಿಕೊಂಡು, ಬೆಚ್ಚಗಿರುವಾಗಲೇ ಬೆಚ್ಚನೆಯ ನೀರು, ಜೋಳದ ನುಚ್ಚಿನೊಂದಿಗೆ ಕಲ್ಲಿನ ಪಾತ್ರೆಗೆ ಹಾಕಿ ಸಣ್ಣ ಉರಿ ಹಚ್ಚಬೇಕು. ಮೊದಲ ಹತ್ತು ನಿಮಿಷ ಏನೂ ಆಗದಂತೆ ಕಾಣುತ್ತದೆ. ಉರಿ ಏರಿಸುವ ಆಸೆ ಹುಟ್ಟುವುದೂ, ಪಾತ್ರೆಗಳು ಒಡೆಯುವುದೂ ಆಗಲೇ. ನುಚ್ಚು ತಳ ಹಿಡಿಯದಂತೆ ಮರದ ಸೌಟಿನಿಂದ ತಿರುವುತ್ತಿರಬೇಕು. ನುಚ್ಚು ಇನ್ನೇನು ಬೆಂದಿತು ಎನ್ನುವಾಗಲೇ ಒಲೆ ಆರಿಸಿದರೆ ಉಳಿದದ್ದನ್ನು ಕಲ್ಲಿನ ಕಾವೇ ಬೇಯಿಸುತ್ತದೆ. ಬೆಳ್ಳುಳ್ಳಿ ಒಗ್ಗರಣೆಯನ್ನು ಕಬ್ಬಿಣದ ಸೌಟಿನಲ್ಲಿ ಬೇರೆಯೇ ಕೊಟ್ಟು ಮೇಲೆ ಸುರಿಯಬೇಕು. ಕಲ್ಲಿನಲ್ಲೇ ಎಣ್ಣೆ ಕಾಯಿಸಿ ಬಳಿಕ ನೀರು ಹೊಯ್ದರೆ ತಳ ಸೀಳುವ ಸಂಭವವೇ ಹೆಚ್ಚು.

ಜೋಳದ ರೊಟ್ಟಿಗೆ ಮಾತ್ರ ಕಲ್ಲಿನ ಹಂಚು ಹೊಂದದು. ರೊಟ್ಟಿಗೆ ಜೋರು ಉರಿ ಬೇಕು, ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಬೇಕು. ಕಾದ ಹಂಚಿಗೆ ಆ ನೀರು ಪದೇ ಪದೇ ಸಿಡಿಯುತ್ತದೆ. ಆ ಕೆಲಸ ಕಬ್ಬಿಣಕ್ಕೇ ಇರಲಿ.

ಅಡುಗೆಯಾದ ಮೇಲೆ ಬಿಸಿ ಪಾತ್ರೆಯನ್ನು ಒದ್ದೆ ಕಟ್ಟೆಯ ಮೇಲೆ ಇಡದೆ ಮರದ ಹಲಗೆ ಅಥವಾ ಬಟ್ಟೆಯ ಸಿಂಬಿಯ ಮೇಲೆ ಇಡಬೇಕು. ಪೂರ್ತಿ ಆರಿದ ಮೇಲೆ ಕಡಲೆಹಿಟ್ಟು ಅಥವಾ ಸೀಗೆಪುಡಿಯಿಂದ ತೊಳೆದು, ಮುಚ್ಚದೆ ಒಣಗಿಸಬೇಕು. ಬೂದು ಬಣ್ಣದ ಕಲ್ಲು ಎಣ್ಣೆ ಹೀರುತ್ತ ತಿಂಗಳುಗಳಲ್ಲಿ ಕಪ್ಪಾಗುವುದು ಸಹಜ, ಅದನ್ನು ತಿಕ್ಕಿ ತೆಗೆಯಬೇಡಿ. ಬಹುದಿನ ಬಳಸದೆ ಇಟ್ಟ ಪಾತ್ರೆಯನ್ನು ಮತ್ತೆ ಒಲೆಗೇರಿಸುವ ಮುನ್ನ ಎಣ್ಣೆ ಸವರಿ, ಒಂದೆರಡು ದಿನ ಗಂಜಿ ತುಂಬಿಟ್ಟು, ಮೊದಲಿನಂತೆಯೇ ಸಣ್ಣ ಉರಿಯಿಂದ ಆರಂಭಿಸಿ.