ಬಿಲ್ಲಿನ ಕೊನೆಯ ನಲವತ್ತು ಪೈಸೆ

ದಾವಣಗೆರೆಯ ಕಿರಾಣಿ ಅಂಗಡಿಯ ಒಂದು ಬಿಲ್ ನೋಡೋಣ. ಸಕ್ಕರೆ 230 ರೂಪಾಯಿ, ಬಟ್ಟೆ ಒಗೆಯುವ ಪುಡಿ 345 ರೂಪಾಯಿ. ಎರಡೂ ತೆರಿಗೆ ಸೇರದ ಬೆಲೆ. ಇವನ್ನು ಮೊದಲೇ ಕೂಡಿಸಿಬಿಡಬೇಡಿ, ಏಕೆಂದರೆ ದರ ಬೇರೆಬೇರೆ.

ಸಕ್ಕರೆಗೆ ಶೇಕಡಾ 5, ಅಂದರೆ 11 ರೂಪಾಯಿ 50 ಪೈಸೆ. ಪುಡಿಗೆ ಶೇಕಡಾ 18, ಅಂದರೆ 62 ರೂಪಾಯಿ 10 ಪೈಸೆ. ಗಿರಾಕಿ ನಮ್ಮ ರಾಜ್ಯದವರೇ ಆದ್ದರಿಂದ ಪ್ರತಿ ತೆರಿಗೆಯಲ್ಲೂ ಅರ್ಧ ಸಿಜಿಎಸ್‌ಟಿ, ಅರ್ಧ ಎಸ್‌ಜಿಎಸ್‌ಟಿ.

ಈಗ ಎಲ್ಲ ಕೂಡಿಸಿ: 648.60. ಇದರ ಕೆಳಗೆ ರೌಂಡ್ ಆಫ್ ಅಂತ ಪ್ರತ್ಯೇಕ ಸಾಲು, +0.40. ಗಿರಾಕಿ ಕೊಡುವುದು 649.

ತಪ್ಪಾಗುವುದು ಇಲ್ಲೇ. ಲೆಕ್ಕ ಸರಿಹೊಂದಲಿ ಅಂತ ಕೆಲವರು ಆ 40 ಪೈಸೆಯನ್ನು ಪುಡಿಯ ಬೆಲೆಗೋ ತೆರಿಗೆಗೋ ಸೇರಿಸುತ್ತಾರೆ. ಆಗ ಜಿಎಸ್‌ಟಿಆರ್-1ರಲ್ಲಿ ಶೇಕಡಾ 18ರ ಸಾಲಿನ ಮೌಲ್ಯಕ್ಕೂ ತೆರಿಗೆಗೂ ತಾಳೆಯಾಗುವುದಿಲ್ಲ. ರಿಟರ್ನ್‌ನಲ್ಲಿ ಮೌಲ್ಯ 230 ಮತ್ತು 345 ಆಗಿಯೇ ಇರಬೇಕು. 40 ಪೈಸೆ ನಿಮ್ಮ ಪುಸ್ತಕದ ರೌಂಡ್ ಆಫ್ ಖಾತೆಗೆ.

ಹತ್ತಿರದ ರೂಪಾಯಿಗೆ ಸರಿಮಾಡುವಾಗ ಆ ಸಾಲು 50 ಪೈಸೆ ದಾಟುವಂತಿಲ್ಲ. ದಾಟಿದ್ದರೆ ಮೇಲಿನ ಸಾಲುಗಳನ್ನು ಮತ್ತೆ ಲೆಕ್ಕ ಹಾಕಿ; ಯಾವುದೋ ವಸ್ತುವಿಗೆ ತಪ್ಪು ದರ ಬಿದ್ದಿರಬಹುದು.