ಮಲಗಿದ ಮಗಳಿಗೆ ಮೂರು ಗಂಟೆಯ ಓಲೆ

ಜೋಗುಳ ಹಾಡಬೇಕಾದರೆ ತೊಟ್ಟಿಲ ಪಕ್ಕದಲ್ಲೇ ಇರಬೇಕು. ಮಗು ಕಣ್ಣು ಮುಚ್ಚಿತೋ ಇಲ್ಲವೋ ಎಂದು ನೋಡುತ್ತಾ ದನಿ ಏರಿಸಬೇಕು, ಇಳಿಸಬೇಕು. ನೈಟ್ ಡ್ಯೂಟಿಗೆ ಹೋದ ನರ್ಸಮ್ಮನಿಗೆ ಆ ಅವಕಾಶವಿಲ್ಲ. ಅವಳು ಮನೆ ಬಿಡುವಾಗ ಮಗು “ಇವತ್ತೂ ನೈಟಾ?” ಎಂದು ಕೇಳಿರುತ್ತದೆ. ಮಲಗಿಸುವ ಕೆಲಸ ಅಜ್ಜಿಯ ಪಾಲಿಗೆ ಬಂದಿರುತ್ತದೆ. ಹಾಗಾಗಿ ಈ ತಾಯಿಯ ಬಾಯಲ್ಲಿ ಒಂದು ಹಾಡು ಇಡಬೇಕೆಂದು ಹೊರಟವರಿಗೆ ಉಳಿಯುವ ದಾರಿ ಪತ್ರ. ಓದಬೇಕಾದವಳು ನಿದ್ದೆಯಲ್ಲಿದ್ದಾಳೆ, ಎಚ್ಚರವಿದ್ದರೂ ಅವಳಿಗೆ ಇನ್ನೂ ಅಕ್ಷರ ಬಾರದು. ಹೀಗೆ ತಲುಪದ ಪತ್ರವನ್ನು ಕೇಳುಗರಾದ ನಾವು ಹೆಗಲ ಹಿಂದಿನಿಂದ ಬಗ್ಗಿ ಓದುತ್ತೇವೆ.

ಇಂಥ ಭಾವಗೀತೆ ಹೇಗೆ ಕಟ್ಟಿಕೊಳ್ಳುತ್ತದೆ ಎಂಬುದನ್ನು ಒಂದು ಪದ್ಯ ಬರೆದೇ ನೋಡಬಹುದು. ಮೊದಲು ಕೈಗೆ ಬರುವ ಸಾಲು ಹೀಗಿರುತ್ತದೆ: “ನಿದ್ದೆ ಮಾಡು, ಮಗಳೆ, ನೀನು.” ಮೂರು ಮಾತ್ರೆಯ ನಾಲ್ಕು ಗಣ, ಲೆಕ್ಕಕ್ಕೆ ಸರಿಯಾಗಿದೆ. ಆದರೆ ಇದು ಜೋಗುಳ. ಮಗು ಆಗಲೇ ಮಲಗಿ ಐದು ಗಂಟೆಯಾಗಿದೆ, ಈಗ ಮಲಗು ಎನ್ನುವುದರಲ್ಲಿ ಅರ್ಥವಿಲ್ಲ. ಪತ್ರದ ತಲೆಯಲ್ಲಿ ಇರಬೇಕಾದ್ದು ಎಲ್ಲಿಂದ, ಯಾವಾಗ ಎಂಬ ಮಾತು. ಅದನ್ನೇ ಪಲ್ಲವಿ ಮಾಡಿದರೆ:

ಗಂಟೆ ಮೂರು, ಮಗಳೆ, ಇಲ್ಲಿ;
ಅರ್ಧ ಮುಗಿದ ಕನಸು ಅಲ್ಲಿ.

ಮೂರು ಗಂಟೆಯೇ ಏಕೆ? ನಡುರಾತ್ರಿಯವರೆಗೆ ವಾರ್ಡಿನಲ್ಲಿ ಓಡಾಟವಿರುತ್ತದೆ. ರಾತ್ರಿಯ ಇಂಜೆಕ್ಷನ್ನು, ಹೊಸ ಅಡ್ಮಿಷನ್ನು, ನಿದ್ದೆ ಬಾರದವರ ಕರೆ. ಬೆಳಗಿನ ಬಿಪಿ, ಜ್ವರ, ನಾಡಿ ನೋಡುವ ಕೆಲಸ ಐದೂವರೆ ಆರರ ಸುಮಾರಿಗೆ ಮತ್ತೆ ಶುರುವಾಗುತ್ತದೆ. ನಡುವೆ ಮೂರರ ಸುಮಾರಿಗೆ, ಅದೃಷ್ಟವಿದ್ದರೆ, ಸ್ವಲ್ಪ ಬಿಡುವು ಸಿಗುತ್ತದೆ. ಎಚ್ಚರವಿರುವುದು ಅತಿ ಕಷ್ಟವಾಗುವುದೂ ಆಗಲೇ. ಮನುಷ್ಯನ ಮೈಯ ಬಿಸಿ ನಾಲ್ಕೈದರ ಹೊತ್ತಿಗೆ ಇಡೀ ದಿನದಲ್ಲೇ ಕೆಳಮಟ್ಟಕ್ಕೆ ಇಳಿಯುತ್ತದೆ, ಮೂರರಿಂದಲೇ ಮೈ ನಿದ್ದೆಯ ಕಡೆ ಎಳೆಯುತ್ತದೆ. ಪದ್ಯದಲ್ಲಿ ಇದನ್ನು ಹೇಳಬೇಕಿಲ್ಲ. ಗಂಟೆ ಹೇಳಿದರೆ ಸಾಕು.

ಇನ್ನು ಚರಣ. ಪತ್ರ ಎಂದ ಮೇಲೆ ಸುದ್ದಿ ಬೇಕು. ನರ್ಸ್ ಎಂದೊಡನೆ ದೀಪ ಹಿಡಿದ ದೇವತೆಯನ್ನು ಕರೆತರುವ ಚಾಳಿ ನಮ್ಮ ಹಾಡುಗಳಿಗಿದೆ. ಫ್ಲಾರೆನ್ಸ್ ನೈಟಿಂಗೇಲ್ 1854ರಲ್ಲಿ ಸ್ಕುಟಾರಿಯ ಸೇನಾ ಆಸ್ಪತ್ರೆಗೆ ಹೋದ ಮೇಲೆ ಹುಟ್ಟಿದ ಚಿತ್ರ ಅದು. ಒಬ್ಬ ತಾಯಿ ಮಗಳಿಗೆ ತಾನೇ ದೇವತೆ ಎಂದು ಬರೆದುಕೊಳ್ಳುವುದಿಲ್ಲ. ಇವತ್ತು ಏನು ಮಾಡಿದೆ ಎಂದು ಬರೆಯುತ್ತಾಳೆ.

ಹನಿಯ ಲೆಕ್ಕ ಇಟ್ಟೆನೀಗ,
ಮೂರು ಎಣಿಸಿದಾಗ ಒಂದು;
ಬೆಡ್ಡು ಏಳರಜ್ಜ ಎದ್ದು
ನನ್ನ ‘ಮಗಳೆ’ ಎಂದು ಕರೆದ.

ಮೊದಲೆರಡು ಸಾಲಿನದು ಡ್ರಿಪ್ಪಿನ ಲೆಕ್ಕ. ಅರ್ಧ ಲೀಟರ್ ಸಲೈನು ಎಂಟು ಗಂಟೆಯಲ್ಲಿ ಹೋಗಬೇಕೆಂದು ಡಾಕ್ಟರು ಬರೆದಿದ್ದಾರೆ ಎಂದುಕೊಳ್ಳಿ. ದೊಡ್ಡವರಿಗೆ ಹಾಕುವ ಡ್ರಿಪ್ ಸೆಟ್ಟುಗಳಲ್ಲಿ ಸಾಮಾನ್ಯವಾದ ಒಂದು ಬಗೆಯಲ್ಲಿ 20 ಹನಿಗೆ ಒಂದು ಮಿಲಿಲೀಟರ್. ಹಾಗಾದರೆ 500 ಮಿಲಿಲೀಟರಿಗೆ ಹತ್ತು ಸಾವಿರ ಹನಿ. ಎಂಟು ಗಂಟೆಯ 480 ನಿಮಿಷಕ್ಕೆ ಹಂಚಿದರೆ ನಿಮಿಷಕ್ಕೆ ಸುಮಾರು 21 ಹನಿ, ಅಂದರೆ ಹೆಚ್ಚುಕಡಿಮೆ ಮೂರು ಸೆಕೆಂಡಿಗೆ ಒಂದು. ನರ್ಸ್ ಗಡಿಯಾರ ನೋಡಿಕೊಂಡು ಎಣಿಸುತ್ತಾಳೆ, ಕೊಳವೆಯ ಮೇಲಿನ ಚಕ್ರ ತಿರುಗಿಸಿ ಸರಿ ಮಾಡುತ್ತಾಳೆ. “ಮೂರು ಎಣಿಸಿದಾಗ ಒಂದು” ಎಂಬುದು ಹೀಗೆ ಬಂದ ಸಾಲು. ಇದನ್ನೇ ಐಸಿಯುಗೆ ಒಯ್ದರೆ ಸಾಲು ಸುಳ್ಳಾಗುವುದೇ ಹೆಚ್ಚು, ಅಲ್ಲಿ ಅಳತೆಯನ್ನು ಬಹುಮಟ್ಟಿಗೆ ಪಂಪು ನೋಡಿಕೊಳ್ಳುತ್ತದೆ. ಮಕ್ಕಳಿಗೆ ಬಳಸುವ ಸಣ್ಣಹನಿಯ ಸೆಟ್ಟಿನಲ್ಲಿ ಮಿಲಿಲೀಟರಿಗೆ 60 ಹನಿ ಇರುವುದರಿಂದ ಅಲ್ಲೂ ಲೆಕ್ಕ ಬೇರೆ. ಕವಿಗೆ ಇಷ್ಟು ಗೊತ್ತಿಲ್ಲದಿದ್ದರೂ ಪದ್ಯವಾದೀತು. ಆದರೆ ರಾತ್ರಿಪಾಳಿ ಮಾಡಿದ ಕೇಳುಗಳೊಬ್ಬಳು ಎರಡನೇ ಸಾಲಿಗೇ ರೇಡಿಯೋ ಆರಿಸುತ್ತಾಳೆ.

ಅಜ್ಜನಿಗೆ ಹೆಸರಿಲ್ಲದಿರುವುದು ಪ್ರಾಸಕ್ಕಾಗಿ ಅಲ್ಲ. ವಾರ್ಡಿನಲ್ಲಿ “ಏಳನೇ ಬೆಡ್ಡಿನವರು” ಎನ್ನುವುದು ರೂಢಿ. ರೋಗಿಯ ಹೆಸರು, ಕಾಯಿಲೆಗಳನ್ನು ಮನೆಗೆ ಒಯ್ಯಬಾರದೆಂಬುದು ವೃತ್ತಿಯ ನಿಯಮವೂ ಹೌದು. ಅಜ್ಜನಿಗೆ ಏನಾಗಿದೆ ಎಂದು ಪದ್ಯ ಹೇಳುವುದಿಲ್ಲ. ಅವನು ಕರೆದ ರೀತಿಯನ್ನಷ್ಟೇ ಹೇಳುತ್ತದೆ. ಪಲ್ಲವಿಯಲ್ಲಿ ಅವಳು ಮಗಳನ್ನು ಕರೆದ ಮಾತಿನಿಂದಲೇ ಈಗ ಅವಳನ್ನು ಬೇರೊಬ್ಬರು ಕರೆದಿದ್ದಾರೆ. ಚರಣ ಮುಗಿದು ಪಲ್ಲವಿ ಮರಳಿದಾಗ “ಮಗಳೆ” ಎಂಬುದು ಮೊದಲಿನ ಹಾಗೆ ಕೇಳಿಸದು. ತನಗೆ ದಣಿವಾಗಿದೆ, ಕಾಲು ನೋಯುತ್ತಿದೆ ಎಂದು ಅವಳು ಎಲ್ಲೂ ದೂರುವುದಿಲ್ಲ. ನಾಲ್ಕು ವರ್ಷದ ಮಗುವಿಗೆ ಯಾವ ತಾಯಿ ಅದನ್ನು ಬರೆದಾಳು?

ಎರಡನೆಯ ಚರಣ, ಬರುತ್ತೇನೆ ಎನ್ನುವ ಭಾಗ:

ಎಂಟು ಹೊಡೆದ ಮೇಲೆ ಬರುವೆ;
ಆಗ ನೀನು ಬಸ್ಸಿನಲ್ಲಿ.
ನಿನ್ನ ಕೊಬ್ಬರೆಣ್ಣೆ ಕಂಪು
ದಿಂಬಿನಲ್ಲಿ ಉಳಿದರಾಯ್ತು.

ಇಲ್ಲಿ ‘ಮೇಲೆ’ ಎಂಬುದು ಸುಮ್ಮನೆ ಬಂದದ್ದಲ್ಲ. ರಾತ್ರಿ ಎಂಟರಿಂದ ಬೆಳಗಿನ ಎಂಟರವರೆಗೆ ಪಾಳಿ ಇರುವ ಕಡೆ ಎಂಟಕ್ಕೆ ಸರಿಯಾಗಿ ಹೊರಡಲಾಗದು. ಬೆಳಗಿನವರು ಬಂದು, ಒಂದೊಂದೇ ಬೆಡ್ಡಿನ ಬಳಿ ನಿಂತು ರಾತ್ರಿ ಏನಾಯಿತು, ಯಾವ ಮದ್ದು ಬಾಕಿ ಎಂದು ಹ್ಯಾಂಡೋವರ್ ತೆಗೆದುಕೊಳ್ಳಬೇಕು. ಅಷ್ಟರಲ್ಲಿ ಶಾಲೆ ಬಸ್ಸು ಹೋಗಿಯಾಗಿರುತ್ತದೆ. ಹೀಗೆ ತಾಯಿ ಮಗಳು ಒಂದೇ ಹಾಸಿಗೆಯನ್ನು ಬೇರೆ ಬೇರೆ ಹೊತ್ತಿನಲ್ಲಿ ಬಳಸುತ್ತಾರೆ, ನೋಡಿಕೊಳ್ಳುವುದು ಸಂಜೆಗೆ.

ಈಗ ಒಂದು ನಿಜವಾದ ತೊಡಕು. ಪತ್ರ ಮುಂದಕ್ಕೇ ಹೋಗುವ ಬರಹ, ಅದರ ತಾರೀಖು ತಲೆಯಲ್ಲಿ ಒಮ್ಮೆ ಬಂದರೆ ಮುಗಿಯಿತು. ನಮ್ಮ ಸುಗಮ ಸಂಗೀತದ ಹಾಡು ಹಾಗಲ್ಲ, ಪ್ರತಿ ಚರಣದ ನಂತರ ಪಲ್ಲವಿಗೆ ಮರಳುತ್ತದೆ. ಎಂಟು ಗಂಟೆಯ ಮಾತಾಡಿದ ಮೇಲೆ ಮತ್ತೆ “ಗಂಟೆ ಮೂರು” ಎಂದರೆ ತಪ್ಪಲ್ಲವೇ? ಪತ್ರಪದ್ಯಗಳು ಹಾಡಾಗುವಾಗ ಎಡವುವ ಜಾಗ ಇದು. ಚರಣದಲ್ಲಿ ಅವಳು ನಿಜವಾಗಿ ಮನೆಗೆ ಬಂದುಬಿಟ್ಟಿದ್ದರೆ ಮರಳುವ ಪಲ್ಲವಿ ಅಸಂಬದ್ಧವಾಗುತ್ತಿತ್ತು. ಅದಕ್ಕೇ ‘ಬಂದೆ’ ಎನ್ನದೆ ‘ಬರುವೆ’ ಎಂದದ್ದು. ಬೆಳಗು ಅವಳ ಎಣಿಕೆಯಲ್ಲಿ ಮಾತ್ರ ಇದೆ, ಪಲ್ಲವಿ ಮರಳಿದಾಗ ಗೋಡೆಯ ಗಡಿಯಾರದಲ್ಲಿ ಇನ್ನೂ ಮೂರೇ. ಹಾಡಿನ ಕಟ್ಟುಪಾಡೇ ಅವಳನ್ನು ವಾರ್ಡಿಗೆ ಹಿಂದಕ್ಕೆ ಎಳೆಯುತ್ತದೆ.

ತಾಳದ ವಿಷಯ ಸುಲಭ. ಮೂರು ಮಾತ್ರೆಯ ಗಣಗಳ ನಡೆ ಕನ್ನಡಕ್ಕೆ ಹೊಸದಲ್ಲ, ಉತ್ಸಾಹ ರಗಳೆ ನಡೆಯುವುದೂ ಅದರಲ್ಲೇ. ಸುಗಮ ಸಂಗೀತದವರು ಇದಕ್ಕೆ ಆರು ಮಾತ್ರೆಯ ದಾದ್ರಾ ಹಾಕುತ್ತಾರೆ. ನಿಮಿಷಕ್ಕೆ 120 ಮಾತ್ರೆಯ ವೇಗದಲ್ಲಿ ಹಾಡಿದರೆ ಒಂದು ಆವರ್ತಕ್ಕೆ ಮೂರು ಸೆಕೆಂಡು, ಅಂದರೆ ಆವರ್ತಕ್ಕೊಂದು ಹನಿ, ಸಾಲಿಗೆ ಎರಡು. ಕೇಳುಗರಿಗೆ ಇದು ತಿಳಿಯಬೇಕಿಲ್ಲ, ತಬಲಾದವರಿಗೆ ತಿಳಿದಿದ್ದರೆ ಸಾಕು. ಕೊನೆಯ ಪಲ್ಲವಿಯಲ್ಲಿ ವೇಗ ಇಳಿಸಿ ಕರಗಿಸುವುದು ಗಾಯಕರಿಗೆ ಇಷ್ಟ, ಇಲ್ಲಿ ಮಾತ್ರ ಅದು ಬೇಡ. ಡ್ರಿಪ್ಪಿನ ಹನಿ ತಾನಾಗಿ ನಿಧಾನವಾದರೆ ನರ್ಸ್ ಮೈಮರೆತು ಕೇಳುತ್ತಾ ಕೂರುವುದಿಲ್ಲ. ಎದ್ದು ಹೋಗಿ ರೋಗಿಯ ಕೈ ಮಡಚಿದೆಯೇ, ಸೂಜಿ ಹಾಕಿದ ಜಾಗ ಊದಿದೆಯೇ, ಕೊಳವೆ ಮೈಕೆಳಗೆ ಸಿಕ್ಕಿದೆಯೇ ಎಂದು ನೋಡುತ್ತಾಳೆ.